ಖರ್ಚು ಒಂದೇ, ಹಂಚಿಕೆ ಎರಡು: ಸಾಗಣೆ ಲೆಕ್ಕದ ಖಾಲಿ ಕೋಶದಲ್ಲಿ ಸೊನ್ನೆ ಬಂದರೆ ಏನರ್ಥ?

ಸೊಲ್ಲಾಪುರ, ಅಕ್ಕಲಕೋಟೆ, ಬಾರ್ಶಿ ಈ ಮೂರು ಊರುಗಳಲ್ಲಿ ಗೋದಾಮು ಇರುವ ಒಬ್ಬ ಬೇಳೆ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ತೊಗರಿಬೇಳೆ ಪುಣೆಗೆ, ಪಂಢರಪುರಕ್ಕೆ, ವಿಜಯಪುರಕ್ಕೆ ಹೋಗಬೇಕು. ಯಾವ ಗೋದಾಮಿನಿಂದ ಯಾವ ಊರಿಗೆ ಎಷ್ಟು ಟನ್ ಕಳಿಸಿದರೆ ಲಾರಿ ಬಾಡಿಗೆ ಎಲ್ಲಕ್ಕಿಂತ ಕಡಿಮೆಯಾದೀತು ಎಂದು ಇಬ್ಬರು ಗುಮಾಸ್ತರು ಬೇರೆ ಬೇರೆ ಕೂತು ಲೆಕ್ಕ ಹಾಕುತ್ತಾರೆ. ಒಬ್ಬರ ಪ್ರಕಾರ ಅಕ್ಕಲಕೋಟೆಯ 15 ಟನ್ ಪಂಢರಪುರಕ್ಕೆ ಹೋಗಬೇಕು. ಇನ್ನೊಬ್ಬರ ಪ್ರಕಾರ ಅದೇ 15 ಟನ್ ಪುಣೆಗೆ ಹೋಗಬೇಕು. ಒಟ್ಟು ಬಾಡಿಗೆ ಮಾತ್ರ ಇಬ್ಬರದೂ 1,06,000 ರೂಪಾಯಿ.

ಇಲ್ಲಿ ಯಾರೂ ತಪ್ಪಿಲ್ಲ. ಇಬ್ಬರೂ ಕನಿಷ್ಠ ಖರ್ಚಿನ ಯೋಜನೆಯನ್ನೇ ಹಿಡಿದಿದ್ದಾರೆ. ಅಂಥ ಯೋಜನೆ ಒಂದಕ್ಕಿಂತ ಹೆಚ್ಚಿದೆ, ಅಷ್ಟೇ. ಇವಕ್ಕೆ ಪರ್ಯಾಯ ಸೂಕ್ತತಮ ಯೋಜನೆಗಳು ಎನ್ನುತ್ತಾರೆ. ಪರೀಕ್ಷೆಯಲ್ಲಿ ತನ್ನ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲವೆಂದು ಗಾಬರಿಯಾಗುವ ಬಿ.ಕಾಂ. ವಿದ್ಯಾರ್ಥಿಗೂ, ನಿನ್ನೆ ಒಂದು ಹಂಚಿಕೆ ಕೊಟ್ಟ ಸಾಲ್ವರ್ ಇವತ್ತು ಇನ್ನೊಂದು ಕೊಟ್ಟಿತೆಂದು ತಲೆ ಕೆಡಿಸಿಕೊಳ್ಳುವ ಗುಮಾಸ್ತರಿಗೂ ತಿಳಿದಿರಬೇಕಾದ ವಿಷಯ ಇದು. ಇನ್ನೊಂದು ಯೋಜನೆ ಇದೆಯೇ ಎಂಬುದನ್ನು ಕೈಯಲ್ಲಿರುವ ಯೋಜನೆಯೇ ಹೇಳುತ್ತದೆ. ಬಳಸದೆ ಬಿಟ್ಟ ಕೋಶಗಳ ಅವಕಾಶ ವೆಚ್ಚವನ್ನು ನೋಡಿದರೆ ಸಾಕು.

ಮೊದಲು ಕೋಷ್ಟಕ

ಕೆಳಗಿನ ದರಗಳು ಉದಾಹರಣೆಗಾಗಿ ಇಟ್ಟುಕೊಂಡವು, ಮಾರುಕಟ್ಟೆಯ ಇಂದಿನ ದರಗಳಲ್ಲ. ಆದರೆ ಅವುಗಳ ನಡುವಿನ ಸಂಬಂಧವನ್ನು ಈ ಭಾಗದ ರಸ್ತೆಗಳನ್ನು ನೋಡಿಯೇ ಇಟ್ಟಿದೆ. ಬಾಡಿಗೆ ಒಂದು ಟನ್ನಿಗೆ ಇಷ್ಟು ರೂಪಾಯಿ:

| ಗೋದಾಮು | ಪುಣೆ | ಪಂಢರಪುರ | ವಿಜಯಪುರ | ದಾಸ್ತಾನು (ಟನ್) |
|---|---|---|---|---|
| ಸೊಲ್ಲಾಪುರ | 1100 | 400 | 500 | 60 |
| ಅಕ್ಕಲಕೋಟೆ | 1300 | 600 | 600 | 40 |
| ಬಾರ್ಶಿ | 1000 | 450 | 800 | 30 |
| ಬೇಡಿಕೆ (ಟನ್) | 70 | 35 | 25 | 130 |

ದಾಸ್ತಾನು 130 ಟನ್, ಬೇಡಿಕೆಯೂ 130 ಟನ್. ಲೆಕ್ಕ ಸರಿದೂಗಿದೆ. ಮೊದಲ ಗುಮಾಸ್ತರ ಹಂಚಿಕೆಯನ್ನು ಒಂದನೇ ಯೋಜನೆ ಎನ್ನೋಣ:

| ಗೋದಾಮು | ಪುಣೆ | ಪಂಢರಪುರ | ವಿಜಯಪುರ |
|---|---|---|---|
| ಸೊಲ್ಲಾಪುರ | 40 | 20 | – |
| ಅಕ್ಕಲಕೋಟೆ | – | 15 | 25 |
| ಬಾರ್ಶಿ | 30 | – | – |

ಖರ್ಚು ಕೂಡಿಸಿ ನೋಡಿ: 44,000 + 8,000 + 9,000 + 15,000 + 30,000 = 1,06,000 ರೂಪಾಯಿ. ತುಂಬಿದ ಕೋಶಗಳು ಐದು, ಖಾಲಿ ಕೋಶಗಳು ನಾಲ್ಕು. ಮೂರು ಅಡ್ಡಸಾಲು, ಮೂರು ಕಂಬಸಾಲು ಕೂಡಿಸಿ ಒಂದು ಕಳೆದರೆ ಐದು. ತುಂಬಿದ ಕೋಶಗಳು ಇಷ್ಟೇ ಇರಬೇಕು. ಈ ಎಣಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವಕಾಶ ವೆಚ್ಚ ಎಂದರೇನು

ಖಾಲಿ ಕೋಶವೊಂದರಲ್ಲಿ ಒಂದು ಟನ್ ಹಾಕಿದರೆ ಒಟ್ಟು ಖರ್ಚು ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ? ಆ ಮೊತ್ತವೇ ಆ ಕೋಶದ ಅವಕಾಶ ವೆಚ್ಚ. ಒಂದು ಕಡೆ ಒಂದು ಟನ್ ಸೇರಿಸಿದರೆ ದಾಸ್ತಾನು, ಬೇಡಿಕೆ ಕೆಡುತ್ತವೆ. ಅದನ್ನು ಸರಿಪಡಿಸಲು ತುಂಬಿದ ಕೋಶಗಳಲ್ಲಿ ಒಂದು ಟನ್ ತೆಗೆಯುತ್ತ, ಇನ್ನೊಂದು ಕಡೆ ಸೇರಿಸುತ್ತ ಸುತ್ತಿ ಬರಬೇಕು.

ಅಕ್ಕಲಕೋಟೆ–ಪುಣೆ ಕೋಶವನ್ನೇ ತೆಗೆದುಕೊಳ್ಳಿ. ಅಲ್ಲಿ ಒಂದು ಟನ್ ಸೇರಿಸಿದರೆ 1300 ರೂಪಾಯಿ ಹೆಚ್ಚು. ಅಕ್ಕಲಕೋಟೆಯಲ್ಲಿ ಇರುವುದು 40 ಟನ್ನೇ ಆದ್ದರಿಂದ ಪಂಢರಪುರಕ್ಕೆ ಹೋಗುವುದರಲ್ಲಿ ಒಂದು ಟನ್ ಕಡಿಮೆಯಾಗಬೇಕು, 600 ಉಳಿಯಿತು. ಪಂಢರಪುರದ ಆ ಕೊರತೆಯನ್ನು ಸೊಲ್ಲಾಪುರ ತುಂಬಬೇಕು, 400 ಹೆಚ್ಚು. ಪುಣೆಗೆ ಈಗ ಒಂದು ಟನ್ ಹೆಚ್ಚಾಗಿದೆ, ಹಾಗಾಗಿ ಸೊಲ್ಲಾಪುರ ಪುಣೆಗೆ ಒಂದು ಟನ್ ಕಡಿಮೆ ಕಳಿಸುತ್ತದೆ, 1100 ಉಳಿಯಿತು. ಲೆಕ್ಕ ಹೀಗೆ: 1300 − 600 + 400 − 1100 = 0.

ನಾಲ್ಕು ಲಾರಿಗಳ ದಾರಿ ಬದಲಾಯಿತು, ಖರ್ಚು ಒಂದು ರೂಪಾಯಿಯೂ ಅಲುಗಲಿಲ್ಲ.

ಪ್ರತಿ ಖಾಲಿ ಕೋಶಕ್ಕೂ ಹೀಗೆ ಸುತ್ತು ಹುಡುಕುವುದು ದೊಡ್ಡ ಕೋಷ್ಟಕದಲ್ಲಿ ಕಷ್ಟ. ಅದಕ್ಕೆ ಮೋಡಿ ವಿಧಾನವಿದೆ. ಪ್ರತಿ ಅಡ್ಡಸಾಲಿಗೆ ಒಂದು ಅಂಕ, ಪ್ರತಿ ಕಂಬಸಾಲಿಗೆ ಒಂದು ಅಂಕ ಕೊಡಬೇಕು. ತುಂಬಿದ ಪ್ರತಿ ಕೋಶದಲ್ಲೂ ಈ ಎರಡು ಅಂಕಗಳ ಮೊತ್ತ ಅಲ್ಲಿನ ಬಾಡಿಗೆಗೆ ಸಮವಾಗಬೇಕು. ಯಾವುದಾದರೂ ಒಂದು ಸಾಲಿಗೆ ಸೊನ್ನೆ ಕೊಟ್ಟು ಆರಂಭಿಸಬಹುದು.

ಸೊಲ್ಲಾಪುರಕ್ಕೆ 0 ಇಡೋಣ. ಸೊಲ್ಲಾಪುರ–ಪುಣೆ ತುಂಬಿದ ಕೋಶ, ಹಾಗಾಗಿ ಪುಣೆಗೆ 1100. ಸೊಲ್ಲಾಪುರ–ಪಂಢರಪುರವೂ ತುಂಬಿದೆ, ಪಂಢರಪುರಕ್ಕೆ 400. ಅಕ್ಕಲಕೋಟೆ–ಪಂಢರಪುರದ ಬಾಡಿಗೆ 600, ಅದರಲ್ಲಿ 400 ಕಳೆದರೆ ಅಕ್ಕಲಕೋಟೆಗೆ 200. ಅಕ್ಕಲಕೋಟೆ–ವಿಜಯಪುರದ 600ರಲ್ಲಿ 200 ಕಳೆದರೆ ವಿಜಯಪುರಕ್ಕೆ 400. ಬಾರ್ಶಿ–ಪುಣೆಯ 1000ದಲ್ಲಿ 1100 ಕಳೆದರೆ ಬಾರ್ಶಿಗೆ −100. ಇಷ್ಟಾದರೆ ಖಾಲಿ ಕೋಶಗಳ ಲೆಕ್ಕ ಸುಲಭ. ಬಾಡಿಗೆಯಲ್ಲಿ ಎರಡೂ ಅಂಕಗಳ ಮೊತ್ತವನ್ನು ಕಳೆಯಿರಿ:

- ಸೊಲ್ಲಾಪುರ–ವಿಜಯಪುರ: 500 − (0 + 400) = 100
- ಅಕ್ಕಲಕೋಟೆ–ಪುಣೆ: 1300 − (200 + 1100) = 0
- ಬಾರ್ಶಿ–ಪಂಢರಪುರ: 450 − (−100 + 400) = 150
- ಬಾರ್ಶಿ–ವಿಜಯಪುರ: 800 − (−100 + 400) = 500

ಓದುವ ಕ್ರಮ ಹೀಗೆ. ಯಾವುದಾದರೂ ಕೋಶದಲ್ಲಿ ಋಣ ಅಂಕ ಬಂದರೆ ಯೋಜನೆ ಇನ್ನೂ ಸುಧಾರಿಸಬಹುದು. ಎಲ್ಲವೂ ಧನ ಅಂಕಗಳೇ ಆದರೆ ಯೋಜನೆ ಕನಿಷ್ಠ ಖರ್ಚಿನದು, ಅಂಥದ್ದು ಅದೊಂದೇ. ಋಣ ಅಂಕ ಎಲ್ಲೂ ಇಲ್ಲ, ಆದರೆ ಒಂದು ಖಾಲಿ ಕೋಶದಲ್ಲಿ ಸೊನ್ನೆ ಇದೆ ಎಂದರೆ ಯೋಜನೆ ಕನಿಷ್ಠ ಖರ್ಚಿನದು, ಜೊತೆಗೆ ಅಷ್ಟೇ ಖರ್ಚಿನ ಇನ್ನೊಂದು ಯೋಜನೆ ಇರಬಹುದು. ಕೆಲವು ಪಠ್ಯಪುಸ್ತಕಗಳು ಅಂಕಗಳ ಮೊತ್ತದಲ್ಲಿ ಬಾಡಿಗೆಯನ್ನು ಕಳೆಯುತ್ತವೆ. ಆಗ ಧನ, ಋಣ ಅದಲು ಬದಲಾಗುತ್ತವೆ. ಸೊನ್ನೆ ಮಾತ್ರ ಎರಡು ಪದ್ಧತಿಯಲ್ಲೂ ಸೊನ್ನೆಯೇ.

ಈ ಸೊನ್ನೆ ಹುಟ್ಟಿದ್ದು ರಸ್ತೆಯಲ್ಲಿ

ಸೊನ್ನೆ ಆಕಸ್ಮಿಕವಾಗಿ ಬಂದದ್ದೇ? ಕೋಷ್ಟಕವನ್ನು ಇನ್ನೊಮ್ಮೆ ನೋಡಿ. ಪುಣೆಗೆ ಸೊಲ್ಲಾಪುರದಿಂದ 1100, ಅಕ್ಕಲಕೋಟೆಯಿಂದ 1300. ಪಂಢರಪುರಕ್ಕೆ ಸೊಲ್ಲಾಪುರದಿಂದ 400, ಅಕ್ಕಲಕೋಟೆಯಿಂದ 600. ಎರಡೂ ಕಡೆ ವ್ಯತ್ಯಾಸ 200. ಕಾರಣ ಈ ಭಾಗದಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಅಕ್ಕಲಕೋಟೆಯಿಂದ ಪುಣೆಗೆ ಹೊರಟ ಲಾರಿ ಸೊಲ್ಲಾಪುರದ ಮೇಲೆಯೇ ಹೋಗುತ್ತದೆ, ಪಂಢರಪುರಕ್ಕೆ ಹೊರಟದ್ದೂ ಹಾಗೆಯೇ. ಅಕ್ಕಲಕೋಟೆಯಿಂದ ಸೊಲ್ಲಾಪುರದವರೆಗಿನ ಸುಮಾರು 40 ಕಿ.ಮೀ. ಎರಡಕ್ಕೂ ಸಾಮಾನ್ಯ. ದರವನ್ನು ಕಿಲೋಮೀಟರ್ ಲೆಕ್ಕದಲ್ಲಿ ಕಟ್ಟಿದರೆ ಅಕ್ಕಲಕೋಟೆಯ ದರ ಯಾವಾಗಲೂ ಸೊಲ್ಲಾಪುರದ ದರಕ್ಕೆ ಅದೇ ಮೊತ್ತ ಸೇರಿಸಿದ್ದಾಗಿರುತ್ತದೆ. ಮೋಡಿ ಲೆಕ್ಕದಲ್ಲಿ ಅಕ್ಕಲಕೋಟೆಯ ಸಾಲಿಗೆ ಬಂದ 200 ಅದೇ ತುಂಡು ರಸ್ತೆಯ ಬಾಡಿಗೆ.

ಹೀಗಿದ್ದಾಗ ಅಕ್ಕಲಕೋಟೆಯ ಬೇಳೆ ಸೊಲ್ಲಾಪುರ ದಾಟಿ ಪುಣೆಯತ್ತ ಹೊರಳಿದರೇನು, ಪಂಢರಪುರದತ್ತ ಹೊರಳಿದರೇನು? ಸೊಲ್ಲಾಪುರ ದಾಟಿದ ಮೇಲೆ ಅದು ಸೊಲ್ಲಾಪುರದ ಬೇಳೆಗೆ ಸಮ. ಅದಲು ಬದಲು ಮಾಡಿದರೂ ಒಟ್ಟು ಓಡಿದ ದೂರ ಅಷ್ಟೇ.

ವಿಜಯಪುರದ ಕಂಬಸಾಲಿನಲ್ಲಿ ಹೀಗಾಗಲಿಲ್ಲ. ಅಕ್ಕಲಕೋಟೆಯಿಂದ ವಿಜಯಪುರಕ್ಕೆ ಸೊಲ್ಲಾಪುರಕ್ಕೆ ಬರದೆಯೂ ದಕ್ಷಿಣಕ್ಕೆ ಇಳಿದು ಹೋಗಬಹುದು. ಅದಕ್ಕಾಗಿ ಅಲ್ಲಿ ವ್ಯತ್ಯಾಸವನ್ನು 200ರ ಬದಲು 100 ಇಟ್ಟಿದ್ದೇನೆ. ಫಲವಾಗಿ ಸೊಲ್ಲಾಪುರ–ವಿಜಯಪುರ ಕೋಶದ ಅವಕಾಶ ವೆಚ್ಚ 100 ಆಯಿತು. ಅಲ್ಲಿ ಅದಲು ಬದಲು ಮಾಡಿದರೆ ಟನ್ನಿಗೆ 100 ರೂಪಾಯಿ ನಷ್ಟ. ಬಾರ್ಶಿಯಿಂದ ಪುಣೆಗೂ ಸೊಲ್ಲಾಪುರ ಮುಟ್ಟದ ದಾರಿಯಿದೆ, ಆದ್ದರಿಂದ ಆ ಸಾಲಿನಲ್ಲೂ ಸೊನ್ನೆ ಹುಟ್ಟಲಿಲ್ಲ.

ಇದರಿಂದ ಒಂದು ಸೂತ್ರ ಸಿಗುತ್ತದೆ. ಒಂದು ಗೋದಾಮಿನ ಲಾರಿಗಳು ಎರಡು ಅಥವಾ ಹೆಚ್ಚು ಮಾರುಕಟ್ಟೆಗಳಿಗೆ ಇನ್ನೊಂದು ಗೋದಾಮಿನ ಊರನ್ನು ಹಾದೇ ಹೋಗುತ್ತಿದ್ದರೆ, ಆ ಎರಡು ಗೋದಾಮುಗಳ ನಡುವೆ ಪರ್ಯಾಯ ಯೋಜನೆಯನ್ನು ನಿರೀಕ್ಷಿಸಿ. ಸಾಲ್ವರ್ ಓಡಿಸುವ ಮುಂಚೆಯೇ, ಎರಡು ಸಾಲುಗಳ ದರಗಳನ್ನು ಒಂದರಿಂದೊಂದು ಕಳೆದು ನೋಡಿ. ಒಂದೇ ವ್ಯತ್ಯಾಸ ಎರಡು ಕಡೆ ಬಂದರೆ ಸೊನ್ನೆ ಹುಟ್ಟುವ ಜಾಗ ಅದೇ.

ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಏಕೆ ಬಂತು

ಸಾಗಣೆ ಲೆಕ್ಕಕ್ಕೆ ಹಿಂದಿನ ಶತಮಾನದ ನಡುವಿನಲ್ಲಿ ಈಗಿನ ರೂಪ ಬಂತು. ಅಮೆರಿಕದ ಹಿಚ್‌ಕಾಕ್ 1941ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಡ್ಯಾಂಟ್ಜಿಗ್ 1951ರಲ್ಲಿ ತಮ್ಮ ಸಿಂಪ್ಲೆಕ್ಸ್ ವಿಧಾನವನ್ನು ಇದಕ್ಕೆ ಹೊಂದಿಸಿದರು. ಇಂದಿಗೂ ಸಾಲ್ವರ್‌ಗಳು ಹೆಚ್ಚಾಗಿ ಮಾಡುವುದು ಅದನ್ನೇ. ಐದೇ ಕೋಶ ತುಂಬಿದ ಒಂದು ಯೋಜನೆಯಿಂದ ಆರಂಭಿಸಿ, ಋಣ ಅವಕಾಶ ವೆಚ್ಚದ ಕೋಶವೊಂದನ್ನು ತುಂಬಿಸಿ, ತುಂಬಿದ್ದೊಂದನ್ನು ಖಾಲಿ ಮಾಡಿ, ಹಂತ ಹಂತವಾಗಿ ಖರ್ಚು ಇಳಿಸುತ್ತ ಹೋಗುವುದು. ಋಣ ಅಂಕ ಮುಗಿದ ಕೂಡಲೇ ಅದು ನಿಲ್ಲುತ್ತದೆ. ಸೊನ್ನೆ ಅಂಕದ ಕೋಶ ಕಂಡರೂ ಅದನ್ನು ತುಂಬಿಸಲು ಹೋಗುವುದಿಲ್ಲ, ಏಕೆಂದರೆ ಅದರಿಂದ ಖರ್ಚು ಇಳಿಯುವುದಿಲ್ಲ. ಆದ್ದರಿಂದ ಮೊದಲು ಯಾವ ಸೂಕ್ತತಮ ಯೋಜನೆ ಮುಟ್ಟಿತೋ ಅದನ್ನೇ ಕೊಡುತ್ತದೆ. ಯಾವುದನ್ನು ಮೊದಲು ಮುಟ್ಟುತ್ತದೆ ಎಂಬುದು ಎಲ್ಲಿಂದ ಹೊರಟಿತು, ಸಮನಾದ ಆಯ್ಕೆ ಎದುರಾದಾಗ ಯಾವುದನ್ನು ಹಿಡಿಯಿತು ಎಂಬುದರ ಮೇಲೆ ನಿಂತಿದೆ.

ನಮ್ಮ ಕೋಷ್ಟಕದಲ್ಲೇ ಇದನ್ನು ನೋಡಬಹುದು. ವೊಗೆಲ್ ವಿಧಾನದಲ್ಲಿ ಪ್ರತಿ ಸಾಲಿನ ಅತಿ ಕಡಿಮೆ ಎರಡು ದರಗಳ ವ್ಯತ್ಯಾಸ ತೆಗೆದು, ದೊಡ್ಡ ವ್ಯತ್ಯಾಸ ಇರುವಲ್ಲಿ ಮೊದಲು ಹಂಚುತ್ತಾರೆ. ಮೊದಲ ಸುತ್ತಿನಲ್ಲಿ ಬಾರ್ಶಿಯ ವ್ಯತ್ಯಾಸ 350, ಅದೇ ದೊಡ್ಡದು. ಬಾರ್ಶಿಯ 30 ಟನ್ ಪಂಢರಪುರಕ್ಕೆ ಹೋಗುತ್ತದೆ. ಉಳಿದದ್ದು ಸೊಲ್ಲಾಪುರ ಮತ್ತು ಅಕ್ಕಲಕೋಟೆ. ಈಗ ಪುಣೆಯ ಕಂಬಸಾಲಿನ ವ್ಯತ್ಯಾಸ 200, ಪಂಢರಪುರದ್ದೂ 200. ಮತ್ತೆ ಅದೇ ಅಕ್ಕಲಕೋಟೆ–ಸೊಲ್ಲಾಪುರ ರಸ್ತೆಯ 200! ಯಾವುದನ್ನು ಮೊದಲು ಹಿಡಿಯಬೇಕು ಎಂಬುದಕ್ಕೆ ವಿಧಾನದಲ್ಲಿ ಉತ್ತರವಿಲ್ಲ.

ಒಬ್ಬರು ಪುಣೆಯನ್ನು ಮೊದಲು ಹಿಡಿದರು. ಅವರ ಆರಂಭಿಕ ಹಂಚಿಕೆ 1,10,500 ರೂಪಾಯಿಯದು. ಅದನ್ನು ಮೋಡಿ ವಿಧಾನದಿಂದ ಸುಧಾರಿಸುತ್ತ ಹೋದರೆ ಒಂದನೇ ಯೋಜನೆ ಬರುತ್ತದೆ. ಇನ್ನೊಬ್ಬರು ಪಂಢರಪುರವನ್ನು ಮೊದಲು ಹಿಡಿದರು. ಅವರದೂ 1,10,500 ರೂಪಾಯಿಯ ಹಂಚಿಕೆಯೇ, ಆದರೆ ಕೋಶಗಳು ಬೇರೆ. ಅಲ್ಲಿಂದ ಸುಧಾರಿಸಿದರೆ ಮುಟ್ಟುವುದು ಇನ್ನೊಂದು ಯೋಜನೆಯನ್ನು. ಕಂಪ್ಯೂಟರಿನಲ್ಲೂ ಇದೇ ಆಗುತ್ತದೆ. ಸಾಲುಗಳ ಕ್ರಮ ಬದಲಿಸಿದರೆ, ಸಾಲ್ವರಿನ ಆವೃತ್ತಿ ಬದಲಾದರೆ, ಸಮನಾದ ಆಯ್ಕೆಗಳಲ್ಲಿ ಬೇರೆಯದು ಮೊದಲು ಸಿಕ್ಕಿ ಬೇರೆ ಹಂಚಿಕೆ ಬರಬಹುದು. ಒಟ್ಟು ಖರ್ಚು ಒಂದೇ ಇದ್ದರೆ ಸಾಲ್ವರನ್ನು ಅನುಮಾನಿಸುವ ಅಗತ್ಯವಿಲ್ಲ. ಒಟ್ಟು ಖರ್ಚೇ ಬೇರೆ ಬಂದರೆ ಮಾತ್ರ ಎಲ್ಲೋ ತಪ್ಪಿದೆ.

ಎರಡನೇ ಯೋಜನೆ ಬರೆಯುವ ಕ್ರಮ

ಸೊನ್ನೆ ಬಂದ ಕೋಶಕ್ಕೆ ಕೂಡುವ ಗುರುತು ಹಾಕಿ, ಮೇಲೆ ಹೇಳಿದ ಸುತ್ತಿನಲ್ಲಿ ಕಳೆ, ಕೂಡು ಗುರುತುಗಳನ್ನು ಒಂದಾದ ಮೇಲೊಂದು ಹಾಕುತ್ತ ಹೋಗಿ. ಅಕ್ಕಲಕೋಟೆ–ಪುಣೆ ಕೂಡು, ಅಕ್ಕಲಕೋಟೆ–ಪಂಢರಪುರ ಕಳೆ, ಸೊಲ್ಲಾಪುರ–ಪಂಢರಪುರ ಕೂಡು, ಸೊಲ್ಲಾಪುರ–ಪುಣೆ ಕಳೆ. ಕಳೆಯುವ ಕೋಶಗಳಲ್ಲಿ ಇರುವುದು 15 ಮತ್ತು 40. ಇವುಗಳಲ್ಲಿ ಚಿಕ್ಕದಾದ 15 ಟನ್ನಿನವರೆಗೆ ಸರಿಸಬಹುದು. ಸರಿಸಿದರೆ:

| ಗೋದಾಮು | ಪುಣೆ | ಪಂಢರಪುರ | ವಿಜಯಪುರ |
|---|---|---|---|
| ಸೊಲ್ಲಾಪುರ | 25 | 35 | – |
| ಅಕ್ಕಲಕೋಟೆ | 15 | – | 25 |
| ಬಾರ್ಶಿ | 30 | – | – |

ಖರ್ಚು: 27,500 + 14,000 + 19,500 + 15,000 + 30,000 = 1,06,000. ಇದೇ ಎರಡನೇ ಗುಮಾಸ್ತರ ಹಂಚಿಕೆ.

ಪೂರ್ತಿ 15 ಟನ್ ಸರಿಸಲೇಬೇಕೆಂದಿಲ್ಲ. 5 ಸರಿಸಬಹುದು, 10 ಸರಿಸಬಹುದು. ಖರ್ಚು ಎಲ್ಲದರಲ್ಲೂ 1,06,000 ರೂಪಾಯಿಯೇ. ಉದಾಹರಣೆಗೆ 10 ಟನ್ ಸರಿಸಿದರೆ ಸೊಲ್ಲಾಪುರದಿಂದ ಪುಣೆಗೆ 30, ಪಂಢರಪುರಕ್ಕೆ 30; ಅಕ್ಕಲಕೋಟೆಯಿಂದ ಪುಣೆಗೆ 10, ಪಂಢರಪುರಕ್ಕೆ 5. ಇಂಥ ನಡುವಿನ ಯೋಜನೆಗಳಲ್ಲಿ ಐದರ ಬದಲು ಆರು ಕೋಶ ತುಂಬಿರುತ್ತವೆ. ಸಿಂಪ್ಲೆಕ್ಸ್ ವಿಧಾನ ಐದು ಕೋಶಗಳ ಯೋಜನೆಗಳನ್ನಷ್ಟೇ ನೋಡುವುದರಿಂದ ಇವು ಅದರ ಉತ್ತರದಲ್ಲಿ ಬರುವುದೇ ಇಲ್ಲ. ಕೆಲಸಕ್ಕೆ ಅನುಕೂಲವಾದದ್ದು ಅನೇಕ ಸಲ ಇವುಗಳಲ್ಲೇ ಇರುತ್ತದೆ, ಕೈಯಿಂದಲೇ ಬರೆದುಕೊಳ್ಳಬೇಕು.

ಕಂಪ್ಯೂಟರಿನಲ್ಲಿ ಗುರುತಿಸುವುದು

ಎಕ್ಸೆಲ್ ಬಳಸುವವರು ಸಾಲ್ವರಿನಲ್ಲಿ `Simplex LP` ಆರಿಸಿ, ಉತ್ತರ ಬಂದ ಮೇಲೆ `Sensitivity` ವರದಿ ಕೇಳಬೇಕು. ಅದರಲ್ಲಿ `Final Value` ಮತ್ತು `Reduced Cost` ಎಂಬ ಎರಡು ಕಂಬಸಾಲುಗಳಿರುತ್ತವೆ. ಎರಡನೆಯದೇ ನಮ್ಮ ಅವಕಾಶ ವೆಚ್ಚ. ಎರಡರಲ್ಲೂ ಸೊನ್ನೆ ಇರುವ ಕೋಶವನ್ನು ಹುಡುಕಿ. ತುಂಬಿದ ಕೋಶಗಳಿಗೂ ಅವಕಾಶ ವೆಚ್ಚ ಸೊನ್ನೆಯೇ ಇರುವುದರಿಂದ ಎರಡನೇ ಕಂಬಸಾಲನ್ನೊಂದೇ ನೋಡಿದರೆ ಮೋಸ ಹೋಗುತ್ತೀರಿ. ಇನ್ನೊಂದು ಎಚ್ಚರಿಕೆ: ಪೂರ್ಣಾಂಕವೇ ಬೇಕೆಂಬ ನಿರ್ಬಂಧ ಹಾಕಿದರೆ ಈ ವರದಿ ಸಿಗುವುದಿಲ್ಲ. ಸಾಗಣೆ ಲೆಕ್ಕದಲ್ಲಿ ದಾಸ್ತಾನು, ಬೇಡಿಕೆ ಪೂರ್ಣಾಂಕಗಳಾಗಿದ್ದರೆ ಸಿಂಪ್ಲೆಕ್ಸ್ ಉತ್ತರವೂ ಪೂರ್ಣಾಂಕವಾಗಿಯೇ ಬರುತ್ತದೆ. ಆ ನಿರ್ಬಂಧ ಬೇಕಾಗುವುದೇ ಇಲ್ಲ.

ಪೈಥಾನ್ ಬಲ್ಲವರಿಗೆ ನಮ್ಮ ಲೆಕ್ಕ ಹೀಗೆ:

```python
from scipy.optimize import linprog
c = [1100,400,500, 1300,600,600, 1000,450,800]
A = [[1,1,1,0,0,0,0,0,0],
     [0,0,0,1,1,1,0,0,0],
     [0,0,0,0,0,0,1,1,1],
     [1,0,0,1,0,0,1,0,0],
     [0,1,0,0,1,0,0,1,0],
     [0,0,1,0,0,1,0,0,1]]
b = [60,40,30,70,35,25]
r = linprog(c, A_eq=A, b_eq=b, method="highs-ds")
print(r.fun, r.x)
print(r.lower.marginals)
```

`r.x` ಹಂಚಿಕೆ, `r.lower.marginals` ಅವಕಾಶ ವೆಚ್ಚ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು, ಒಂದೇ ಸ್ಥಾನದಲ್ಲಿ ಎರಡೂ ಸೊನ್ನೆ ಇದೆಯೇ ನೋಡಿ. ದಶಮಾಂಶ ದರಗಳಿದ್ದರೆ ಸೊನ್ನೆಯ ಜಾಗದಲ್ಲಿ 1e-13 ರೀತಿಯ ಅತಿ ಸಣ್ಣ ಸಂಖ್ಯೆ ಬರಬಹುದು, ಅದನ್ನು ಸೊನ್ನೆ ಎಂದೇ ಓದಬೇಕು.

ಪರ್ಯಾಯ ಎಲ್ಲಿಯವರೆಗೆ ಹಬ್ಬಿದೆ ಎಂದು ತಿಳಿಯಲು ಇನ್ನೊಂದು ನಂಬಿಕಸ್ತ ದಾರಿಯಿದೆ. ಒಟ್ಟು ಖರ್ಚು 1,06,000 ಮೀರಬಾರದೆಂಬ ನಿರ್ಬಂಧವನ್ನು ಸೇರಿಸಿ, ಅಕ್ಕಲಕೋಟೆ–ಪುಣೆ ಕೋಶವನ್ನು ಒಮ್ಮೆ ಕನಿಷ್ಠಗೊಳಿಸಿ, ಒಮ್ಮೆ ಗರಿಷ್ಠಗೊಳಿಸಿ. ಇಲ್ಲಿ 0 ಮತ್ತು 15 ಬರುತ್ತದೆ. ಒಂದಕ್ಕಿಂತ ಹೆಚ್ಚು ಖಾಲಿ ಕೋಶಗಳಲ್ಲಿ ಸೊನ್ನೆ ಬಂದಾಗ ಈ ದಾರಿಯೇ ಒಳ್ಳೆಯದು, ಏಕೆಂದರೆ ಸೊನ್ನೆಗಳ ಎಣಿಕೆಯೂ ಪರ್ಯಾಯಗಳ ಎಣಿಕೆಯೂ ಒಂದೇ ಆಗಬೇಕೆಂದಿಲ್ಲ.

ಸೊನ್ನೆ ಇದ್ದೂ ಪರ್ಯಾಯ ಇಲ್ಲದಾಗ

ಇಲ್ಲಿಯೇ ಹೆಚ್ಚು ಜನ ಎಡವುವುದು. ದಾಸ್ತಾನನ್ನು ಸ್ವಲ್ಪ ಬದಲಿಸೋಣ. ಸೊಲ್ಲಾಪುರದಲ್ಲಿ 75 ಟನ್, ಅಕ್ಕಲಕೋಟೆಯಲ್ಲಿ 25 ಟನ್ ಇದೆ ಎನ್ನಿ. ಬಾರ್ಶಿಯದೂ ಬೇಡಿಕೆಯೂ ಮೊದಲಿನಂತೆಯೇ. ಆಗ ಉತ್ತರ: ಸೊಲ್ಲಾಪುರದಿಂದ ಪುಣೆಗೆ 40, ಪಂಢರಪುರಕ್ಕೆ 35, ಅಕ್ಕಲಕೋಟೆಯ 25 ಪೂರ್ತಿ ವಿಜಯಪುರಕ್ಕೆ, ಬಾರ್ಶಿಯ 30 ಪುಣೆಗೆ. ತುಂಬಿದ ಕೋಶ ನಾಲ್ಕೇ, ಐದು ಬೇಕಿತ್ತು. ಎಣಿಕೆ ಹೀಗೆ ಕಡಿಮೆ ಬಿದ್ದಾಗ ಎಲ್ಲ ಸಾಲುಗಳಿಗೂ ಅಂಕ ಸಿಗುವುದಿಲ್ಲ. ಆದ್ದರಿಂದ ಒಂದು ಖಾಲಿ ಕೋಶದಲ್ಲಿ ಸೊನ್ನೆಗೆ ಸಮವೆನ್ನುವಷ್ಟು ಅತಿ ಚಿಕ್ಕ ಪ್ರಮಾಣ ಇದೆಯೆಂದು ಭಾವಿಸಿ, ಅದನ್ನು ತುಂಬಿದ ಕೋಶವೆಂದೇ ಎಣಿಸುತ್ತಾರೆ.

ಆ ಚಿಕ್ಕ ಪ್ರಮಾಣವನ್ನು ಅಕ್ಕಲಕೋಟೆ–ಪಂಢರಪುರದಲ್ಲಿ ಇಟ್ಟರೆ ಅಂಕಗಳೆಲ್ಲ ಮೊದಲಿನಂತೆಯೇ ಬರುತ್ತವೆ, ಅಕ್ಕಲಕೋಟೆ–ಪುಣೆಯಲ್ಲಿ ಸೊನ್ನೆ ಕಾಣುತ್ತದೆ. ಪರ್ಯಾಯ ಸಿಕ್ಕಿತೆಂದು ಸುತ್ತು ಹಾಕಿದರೆ, ಕಳೆಯುವ ಕೋಶದಲ್ಲಿ ಇರುವುದು ಆ ಚಿಕ್ಕ ಪ್ರಮಾಣವೇ. ಸರಿಸಲು ಒಂದು ಕಿಲೋ ಬೇಳೆಯೂ ಇಲ್ಲ. ಯೋಜನೆ ಹಾಗೆಯೇ ಉಳಿಯುತ್ತದೆ. ಅದೇ ಚಿಕ್ಕ ಪ್ರಮಾಣವನ್ನು ಸೊಲ್ಲಾಪುರ–ವಿಜಯಪುರದಲ್ಲಿ ಇಟ್ಟು ನೋಡಿ: ವಿಜಯಪುರಕ್ಕೆ 500, ಅಕ್ಕಲಕೋಟೆಗೆ 100 ಬರುತ್ತದೆ. ಅಕ್ಕಲಕೋಟೆ–ಪುಣೆ ಈಗ 100, ಅಕ್ಕಲಕೋಟೆ–ಪಂಢರಪುರವೂ 100. ಬಾರ್ಶಿಯ ಖಾಲಿ ಕೋಶಗಳಲ್ಲೂ ಧನ ಅಂಕಗಳೇ. ಸೊನ್ನೆ ಮಾಯವಾಯಿತು, ಯೋಜನೆ ಅದೊಂದೇ ಎಂಬುದು ಖಚಿತವಾಯಿತು.

ಹಾಗಾಗಿ ನಿಯಮವನ್ನು ಪೂರ್ತಿಯಾಗಿ ಹೀಗೆ ಹೇಳಬೇಕು. ಎಲ್ಲ ಖಾಲಿ ಕೋಶಗಳೂ ಧನವಾಗಿದ್ದರೆ ಬೇರೆ ಯೋಜನೆ ಇಲ್ಲ, ಅದರಲ್ಲಿ ಸಂಶಯ ಬೇಡ. ಸೊನ್ನೆ ಇದ್ದರೆ ಸುತ್ತು ಹಾಕಿ ಎಷ್ಟು ಸರಿಸಬಹುದೆಂದು ನೋಡಿದ ಮೇಲೆಯೇ ತೀರ್ಮಾನ. ಸರಿಸುವ ಪ್ರಮಾಣ ಸೊನ್ನೆಗಿಂತ ಹೆಚ್ಚಿದ್ದರೆ ಪರ್ಯಾಯ ಖಚಿತ. ಸೊನ್ನೆಯೇ ಆಗಿದ್ದರೆ ಚಿಕ್ಕ ಪ್ರಮಾಣವನ್ನು ಬೇರೆ ಕೋಶದಲ್ಲಿಟ್ಟು ಇನ್ನೊಮ್ಮೆ ನೋಡಬೇಕು, ಅಥವಾ ಮೇಲೆ ಹೇಳಿದ ಕನಿಷ್ಠ–ಗರಿಷ್ಠ ಪರೀಕ್ಷೆ ಮಾಡಬೇಕು.

ದರಗಳನ್ನು ಐವತ್ತು, ನೂರರ ಲೆಕ್ಕಕ್ಕೆ ಮೇಲೆ ಕೆಳಗೆ ಮಾಡಿದ್ದರಿಂದಲೂ ಸೊನ್ನೆ ಹುಟ್ಟುತ್ತದೆ. ಲಾರಿಯವರು ಅಕ್ಕಲಕೋಟೆ–ಪುಣೆಗೆ ನಿಜವಾಗಿ 1290ಕ್ಕೆ ಒಪ್ಪಿದ್ದು, ಕೋಷ್ಟಕದಲ್ಲಿ 1300 ಎಂದು ಬರೆದಿದ್ದರೆ, ಆ ಕೋಶದ ಅವಕಾಶ ವೆಚ್ಚ ಸೊನ್ನೆಯಲ್ಲ, −10. ಎರಡನೇ ಯೋಜನೆಯೊಂದೇ ಸೂಕ್ತತಮ, 15 ಟನ್ನಿಗೆ 150 ರೂಪಾಯಿ ಉಳಿತಾಯ. ಪರ್ಯಾಯ ಸಿಕ್ಕ ಕೂಡಲೇ ಸುತ್ತಿನಲ್ಲಿರುವ ನಾಲ್ಕು ದರಗಳನ್ನು ಮಾತ್ರ ಲಾರಿಯವರಲ್ಲಿ ಇನ್ನೊಮ್ಮೆ ವಿಚಾರಿಸಿ. ಬೇರೆ ದರಗಳಲ್ಲಿ ಹತ್ತು ರೂಪಾಯಿ ಆಚೀಚೆಯಾದರೆ ಈ ಅದಲು ಬದಲಿನ ಲೆಕ್ಕಕ್ಕೆ ಏನೂ ಆಗುವುದಿಲ್ಲ.

ಆಯ್ಕೆ ಹೇಗೆ

ಬಾಡಿಗೆ ಸಮವಾದ ಮೇಲೆ ಕೋಷ್ಟಕದಲ್ಲಿ ಇಲ್ಲದ ವಿಷಯಗಳಿಂದ ತೀರ್ಮಾನಿಸಬೇಕು. ಮೊದಲನೆಯದು ಲಾರಿಗಳ ಎಣಿಕೆ. ಒಂದು ಲಾರಿಗೆ 10 ಟನ್ ಎಂದಿಟ್ಟುಕೊಂಡು, ಅರ್ಧ ಲೋಡಿಗೂ ಒಂದು ಲಾರಿ ಎಂದು ಎಣಿಸಿದರೆ ಒಂದನೇ ಯೋಜನೆಗೆ 14 ಲಾರಿ, ಎರಡನೆಯದಕ್ಕೆ 15. ಹತ್ತು ಟನ್ ಸರಿಸಿದ ನಡುವಿನ ಯೋಜನೆಗೆ 14, ಐದು ಟನ್ ಸರಿಸಿದ್ದಕ್ಕೆ ಮತ್ತೆ 15. ಬಾಡಿಗೆಯನ್ನು ಟನ್ನಿನ ಬದಲು ಲಾರಿಯ ಲೆಕ್ಕದಲ್ಲಿ ಕೊಡುವವರಿಗೆ ಈ ಯೋಜನೆಗಳು ಸಮವೇ ಅಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಎರಡನೆಯದು ಕಾಲ. ಆಷಾಢ ಏಕಾದಶಿಯ ಸುತ್ತ ಪಂಢರಪುರದ ದಾರಿಗಳು ವಾರಕರಿಗಳಿಂದ ತುಂಬಿರುತ್ತವೆ, ಲಾರಿಗಳು ಹೊತ್ತು ನೋಡಿ ಹೋಗಬೇಕಾಗುತ್ತದೆ. ಆ ವಾರ ಪಂಢರಪುರಕ್ಕೆ ಒಂದೇ ಗೋದಾಮಿನಿಂದ ಹೋದರೆ ನಿಭಾಯಿಸುವುದು ಸುಲಭ. ಹಾಗಿದ್ದರೆ ಎರಡನೇ ಯೋಜನೆ ಸರಿ, ಅಲ್ಲಿ 35 ಟನ್ನೂ ಸೊಲ್ಲಾಪುರದ್ದೇ. ಅಕ್ಕಲಕೋಟೆಯ ಮಾಲು ಹಳೆಯದಾಗಿ ಬೇಗ ಖಾಲಿಯಾಗಬೇಕಿದ್ದರೆ, ಮೊದಲು ಲಾರಿ ಸಿಗುವ ಊರಿಗೆ ಅದನ್ನು ಕಳಿಸುವ ಯೋಜನೆ ಒಳ್ಳೆಯದು. ದಾಸ್ತಾನು ಬೇಡಿಕೆಗಿಂತ ಹೆಚ್ಚಿದ್ದು, ಲೆಕ್ಕ ಸರಿದೂಗಿಸಲು ಕಾಲ್ಪನಿಕ ಕಂಬಸಾಲು ಹಾಕಿದ್ದರೆ ಅಲ್ಲಿಯ ಸೊನ್ನೆಯನ್ನೂ ಬಿಡಬೇಡಿ. ಯಾವ ಗೋದಾಮಿನಲ್ಲಿ ಮಾಲು ಉಳಿಸಿಕೊಂಡರೂ ಖರ್ಚು ಒಂದೇ ಎಂದು ಅದು ಹೇಳುತ್ತಿರಬಹುದು.

ಸಾಲ್ವರ್ ಕೊಟ್ಟ ಹಂಚಿಕೆಯನ್ನು ಲಾರಿಯವರಿಗೆ ಒಪ್ಪಿಸುವ ಮುನ್ನ ಮೂರು ಕೆಲಸ ಮಾಡಿ. ತುಂಬಿದ ಕೋಶಗಳನ್ನು ಎಣಿಸಿ. ಖಾಲಿ ಕೋಶಗಳ ಅವಕಾಶ ವೆಚ್ಚದಲ್ಲಿ ಸೊನ್ನೆ ಇದೆಯೇ ನೋಡಿ. ಇದ್ದರೆ ಸುತ್ತು ಹಾಕಿ ಎಷ್ಟು ಟನ್ ಸರಿಯುತ್ತದೆಂದು ಬರೆದುಕೊಳ್ಳಿ. ಆ ಮೇಲೆ ಯಾವ ಗೋದಾಮಿನ ಮಾಲು ಯಾವ ಊರಿಗೆ ಎಂಬ ತೀರ್ಮಾನ ನಿಮ್ಮದು. ಅಷ್ಟರ ಮಟ್ಟಿಗೆ ಅದನ್ನು ಸಾಲ್ವರಿಗೆ ಬಿಟ್ಟುಕೊಡಬೇಡಿ.